ಕಮೋಡ್ ಮೇಲೆ ಫೋನ್ ಹಿಡಿದು ಇಪ್ಪತ್ತೈದು ನಿಮಿಷ: ಕೆಳಗೆ ಏನಾಗುತ್ತಿರುತ್ತದೆ?

[ಮುಚ್ಚಿದ ಟಾಯ್ಲೆಟ್ ಬಾಗಿಲು. ಒಳಗಿಂದ ರೀಲ್ಸ್ ಸದ್ದು. ಹೊರಗೆ ಯಾರೋ ಬಾಗಿಲು ತಟ್ಟುತ್ತಾರೆ.]

ನಮಸ್ಕಾರ. ಈ ವಿಡಿಯೋ ಎಲ್ಲಿ ಕೂತು ನೋಡುತ್ತಿದ್ದೀರಿ ಅಂತ ನಾನು ಕೇಳುವುದಿಲ್ಲ. ಅಲ್ಲೇ ಕೂತಿದ್ದರೆ ಮಾತ್ರ ಎದ್ದು ಬಂದು ನೋಡಿ, ವಿಡಿಯೋ ಎಲ್ಲೂ ಓಡಿಹೋಗುವುದಿಲ್ಲ.

ಬಾಗಿಲು ತಟ್ಟಿಸಿಕೊಳ್ಳುತ್ತಿದ್ದವನು ನಾನೇ. ಬೆಳಿಗ್ಗೆ ಫೋನ್ ಹಿಡಿದು ಒಳಗೆ ಹೋದರೆ ಸ್ಕೋರು, ನ್ಯೂಸು, ವಾಟ್ಸಾಪು ಎಲ್ಲ ಮುಗಿಯುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಒಂದು ದಿನ ಕಮೋಡ್ ಒಳಗೆ ನಾಲ್ಕು ಹನಿ ರಕ್ತ, ಕುಂಕುಮದ ನೀರಿನ ಹಾಗೆ ಕೆಂಪಗೆ. ನೋವು ಒಂಚೂರೂ ಇಲ್ಲ. ಡಾಕ್ಟರ್ ನೋಡಿ "ಪೈಲ್ಸ್, ಎರಡನೇ ಹಂತ" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಒಳಗೆ ಫೋನ್ ತಗೊಂಡು ಹೋಗ್ತೀರಾ?"

ಪೈಲ್ಸ್ ಅಂದರೆ ಹೊಸದಾಗಿ ಹುಟ್ಟಿದ ಗಡ್ಡೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಗುದದ್ವಾರದ ಒಳಗೆ ರಕ್ತನಾಳ ತುಂಬಿದ ಮೆತ್ತನೆಯ ದಿಂಬುಗಳು ನಮಗೆಲ್ಲ ಹುಟ್ಟಿನಿಂದಲೇ ಇರುತ್ತವೆ, ಸಾಮಾನ್ಯವಾಗಿ ಮೂರು. ನಲ್ಲಿಗೆ ವಾಷರ್ ಇದ್ದ ಹಾಗೆ, ಬಾಗಿಲು ಬಿಗಿಯಾಗಿ ಮುಚ್ಚುವುದಕ್ಕೆ ಅವೂ ಬೇಕು. ಅವು ಉಬ್ಬಿ, ಹಿಡಿದಿಟ್ಟ ಎಳೆಗಳು ಸಡಿಲವಾಗಿ ಕೆಳಕ್ಕೆ ಜಾರಿದರೆ ಅದು ಪೈಲ್ಸ್. ಒಳಗಿನ ಪೈಲ್ಸ್ ಇರುವ ಜಾಗದಲ್ಲಿ ನೋವು ತಿಳಿಸುವ ನರಗಳಿಲ್ಲ, ಅದಕ್ಕೇ ರಕ್ತ ಬಂದರೂ ನನಗೆ ನೋವಿರಲಿಲ್ಲ.

[ಬಲೂನ್ ಊದುತ್ತಿರುವ ಮುಖ, ಹತ್ತಿರದಿಂದ.]

ಈಗ ತಿಣುಕುವುದರ ವಿಷಯ. ಗಟ್ಟಿ ಬಲೂನ್ ಊದುವಾಗ ಕುತ್ತಿಗೆಯ ನರ ಉಬ್ಬುತ್ತದೆ ಅಲ್ವಾ? ಉಸಿರು ಬಿಗಿಹಿಡಿದು ತಿಣುಕಿದಾಗ ಹೊಟ್ಟೆಯೊಳಗೆ ಅದೇ ಒತ್ತಡ. ಕೆಳಗಿನಿಂದ ರಕ್ತ ಮೇಲಕ್ಕೆ ವಾಪಸ್ ಹೋಗುವುದು ಕಷ್ಟವಾಗಿ ದಿಂಬುಗಳು ತುಂಬಿಕೊಳ್ಳುತ್ತವೆ. ಅದೇ ಹೊತ್ತಿಗೆ ಗಟ್ಟಿ ಮಲ ಅವನ್ನು ಉಜ್ಜಿಕೊಂಡು ಕೆಳಕ್ಕೆ ಎಳೆಯುತ್ತದೆ. ಒಂದು ದಿನ ಹೀಗಾದರೆ ಮತ್ತೆ ಮೇಲೆ ಹೋಗಿ ಕೂರುತ್ತವೆ. ವರ್ಷಗಟ್ಟಲೆ ಆದರೆ ಹಳೇ ಚಡ್ಡಿಯ ಎಲಾಸ್ಟಿಕ್ ಗತಿ. ಎರಡನೇ ಹಂತದಲ್ಲಿ ಹೊರಗೆ ಬಂದದ್ದು ತಾನೇ ಒಳಗೆ ಹೋಗುತ್ತದೆ, ಮೂರರಲ್ಲಿ ಬೆರಳಿನಿಂದ ತಳ್ಳಬೇಕು, ನಾಲ್ಕರಲ್ಲಿ ತಳ್ಳಿದರೂ ಹೋಗುವುದಿಲ್ಲ.

ಸರಿ, ತಿಣುಕದೆ ಸುಮ್ನೆ ಕೂತರೆ? ಅದರಲ್ಲೂ ತೊಂದರೆ ಇದೆ. ಕುರ್ಚಿ ಮೇಲೆ ಕೂತಾಗ ಕೆಳಭಾಗಕ್ಕೆ ಆಸರೆ ಇರುತ್ತದೆ. ಕಮೋಡ್ ಸೀಟಿನ ನಡುವೆ ತೂತು, ಸೊಂಟದ ತಳ ಆಸರೆಯಿಲ್ಲದೆ ಜೋತುಬೀಳುತ್ತದೆ, ರಕ್ತ ಅಲ್ಲೇ ನಿಲ್ಲುತ್ತದೆ. ಇಂಡಿಯನ್ ಟಾಯ್ಲೆಟ್‌ನಲ್ಲಿ ಹತ್ತು ನಿಮಿಷಕ್ಕೇ ಕಾಲು ಜೋಮು ಹಿಡಿದು ನಾವೇ ಎದ್ದುಬಿಡುತ್ತಿದ್ದೆವು. ಕಮೋಡ್ ಆರಾಮಾಗಿದೆ, ಅದೇ ಎಡವಟ್ಟು.

ಅಮೆರಿಕದ ಬಾಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿಗೆ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಬಂದ 125 ಜನರನ್ನು ಕೇಳಿ ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಟಾಯ್ಲೆಟ್‌ಗೆ ಫೋನ್ ಒಯ್ಯುವವರಲ್ಲಿ ಪೈಲ್ಸ್ ಇರುವ ಸಾಧ್ಯತೆ 46% ಜಾಸ್ತಿ ಕಂಡಿತು. ಐದು ನಿಮಿಷಕ್ಕಿಂತ ಹೆಚ್ಚು ಕೂರುವವರು ಫೋನಿನವರಲ್ಲಿ 37%, ಫೋನಿಲ್ಲದವರಲ್ಲಿ ಬರೀ 7%. ಫೋನೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ಜನವೂ ಕಡಿಮೆ. ತಮಾಷೆ ಅಂದರೆ ಇಲ್ಲಿ ತಿಣುಕುವುದಕ್ಕೂ ಪೈಲ್ಸ್‌ಗೂ ನಂಟು ಕಾಣಲಿಲ್ಲ. ಅಂದರೆ "ನಾನು ತಿಣುಕಲ್ಲಪ್ಪ, ಆರಾಮಾಗಿ ಕೂರ್ತೀನಿ" ಅನ್ನುವವರು ನಿಶ್ಚಿಂತೆಯಾಗಿ ಇರುವ ಹಾಗಿಲ್ಲ.

ನನ್ನ ವಿಷಯದಲ್ಲಿ ಎರಡೂ ಸೇರಿತ್ತು. ಒತ್ತಡ ಬರುವ ಮೊದಲೇ, ಫೋನ್ ಇದೆಯಲ್ಲ ಅಂತ ಹೋಗಿ ಕೂರುತ್ತಿದ್ದೆ. ಬರಲಿಲ್ಲ, ಎರಡು ರೀಲ್ಸ್ ನೋಡಿ ಒಂದು ಸಲ ತಿಣುಕುವುದು, ಮತ್ತೆ ಎರಡು ರೀಲ್ಸ್.

[ಟಾಯ್ಲೆಟ್ ಹೊರಗಿನ ಸ್ಟೂಲ್, ಅದರ ಮೇಲೆ ಫೋನ್.]

ಈಗ ಫೋನ್ ಹೊರಗೆ. ತಿಂಡಿ ತಿಂದ ಮೇಲೆ ಕರುಳು ತಾನೇ ಚುರುಕಾಗುತ್ತದೆ, ಒತ್ತಡ ಬಂದ ಕೂಡಲೇ ಹೋಗುತ್ತೇನೆ. ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟರೆ ಕುಕ್ಕರುಗಾಲಲ್ಲಿ ಕೂತ ಹಾಗಾಗಿ ದಾರಿ ನೇರವಾಗುತ್ತದೆ. ಐದು ನಿಮಿಷದಲ್ಲಿ ಆಗಲಿಲ್ಲವಾ, ಎದ್ದು ಬರುವುದು. ರಾತ್ರಿ ಇಸಬ್ಗೋಲ್, ಅದರ ಜೊತೆ ಪೂರ್ತಿ ಒಂದು ಲೋಟ ನೀರು. ನೀರು ಕಮ್ಮಿಯಾದರೆ ಅದೇ ಕಟ್ಟಿಕೊಳ್ಳುತ್ತದೆ, ಹುಷಾರು. ರಕ್ತ ನಿಂತಿದೆ, ಆದರೆ ಜಾರಿದ ದಿಂಬು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಇನ್ನೊಂದು ಮಾತು. ರಕ್ತ ಬಂದದ್ದೆಲ್ಲ ಪೈಲ್ಸ್ ಅಲ್ಲ. ಮಲ ಟಾರಿನ ಹಾಗೆ ಕಪ್ಪಗಿದ್ದರೆ, ರಕ್ತ ಮಲದ ಜೊತೆ ಬೆರೆತು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಕೂರಬೇಡಿ. ನಾಚಿಕೆ ಬಿಟ್ಟು ಸರ್ಜನ್ ಹತ್ತಿರ ಹೋಗಿ ತೋರಿಸಿ. ನನಗೆ ಒಳಗೆ ನೋಡಿ ಪರೀಕ್ಷೆ ಮಾಡುವುದಕ್ಕೆ ಅವರು ತೆಗೆದುಕೊಂಡದ್ದು ಎರಡು ನಿಮಿಷ.