ಒಪ್ಪಿಗೆ ಇದೆ ಅಂತೀರಿ, ದಾಖಲೆ ಎಲ್ಲಿ?

ಕೇಳುಗರೇ, ನಮಸ್ಕಾರ. ವ್ಯಾಪಾರ ನಡೆಸುತ್ತಾ ಗ್ರಾಹಕರಿಗೆ ಆಫರ್ ಮೆಸೇಜ್ ಕಳಿಸುವವರ ಜೊತೆ ಇವತ್ತು ನನ್ನ ಮಾತು. ಗ್ರಾಹಕರ ನಂಬರ್ ನಿಮ್ಮ ಹತ್ತಿರ ಇದೆ ಅಂದ ಮಾತ್ರಕ್ಕೆ ಜಾಹೀರಾತು ಕಳಿಸಲು ಅವರು ಒಪ್ಪಿದ್ದಾರೆ ಅಂತಲ್ಲ. ಬಿಲ್ಲಿಗೆ ಅಂತ ಕೊಟ್ಟ ನಂಬರ್ ಬಿಲ್ಲಿಗೆ ಮಾತ್ರ. ಆಫರ್‌ಗೆ ಬೇರೆಯಾಗಿ ಕೇಳಬೇಕು. ಕೇಳಿದ್ದನ್ನು ಬರೆದಿಡಬೇಕು.

ಒಂದು ಸಂಸ್ಥೆಯವರು ನನ್ನನ್ನು ಕರೆಸಿದ್ದರು. ಗ್ರಾಹಕಿಯೊಬ್ಬರು ಬೇಡ ಅಂದಿದ್ದರೂ ಮತ್ತೆ ಮೆಸೇಜ್ ಹೋಗಿತ್ತು. ಸಿಬ್ಬಂದಿ ಹೇಳಿದರು: "ಸರ್, ಅವರು ಹೇಳಿದ ದಿನವೇ ನಂಬರ್ ಡಿಲೀಟ್ ಮಾಡಿದೆವಲ್ಲ!" ನಿಜ, ಮಾಡಿದ್ದರು. ತೊಂದರೆ ಶುರುವಾಗಿದ್ದೇ ಅಲ್ಲಿ. ಕೆಲವು ತಿಂಗಳ ನಂತರ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಪೂರ್ತಿ ಪಟ್ಟಿಯನ್ನು ತಂದು ಮೆಸೇಜ್ ಕಳಿಸುವ ಪಟ್ಟಿಗೆ ಮತ್ತೆ ಸೇರಿಸಿದರು. ಆ ನಂಬರ್ ಹೊಸ ಗ್ರಾಹಕರ ಹಾಗೆ ಒಳಗೆ ಬಂತು. ಆಕೆ ಬೇಡ ಅಂದಿದ್ದರು ಅನ್ನುವ ಗುರುತೇ ಎಲ್ಲೂ ಉಳಿದಿರಲಿಲ್ಲ.

ಹಾಗಾಗಿ ಸುಮ್ನೆ ಡಿಲೀಟ್ ಮಾಡಬೇಡಿ. "ಕಳಿಸಬಾರದವರು" ಅಂತ ಬೇರೆ ಪಟ್ಟಿ ಇಡಿ. ಅದರಲ್ಲಿ ನಂಬರ್, ಬೇಡ ಅಂದ ದಿನಾಂಕ ಇದ್ದರೆ ಸಾಕು. ಪ್ರತಿ ಸಲ ಕಳಿಸುವ ಮೊದಲು ಈ ಪಟ್ಟಿಯ ಜೊತೆ ಹೋಲಿಸಿ. ಒಂದು ಕಡೆ ದೇಶದ ಕೋಡ್ ಸೇರಿಸಿ, ಇನ್ನೊಂದು ಕಡೆ ಸೇರಿಸದೆ ಬರೆದಿದ್ದರೆ ಎರಡೂ ಒಂದೇ ನಂಬರ್ ಅಂತ ಕಂಪ್ಯೂಟರ್‌ಗೆ ತಿಳಿಯದೆ ಹೋಗಬಹುದು. ಮೊದಲು ಎಲ್ಲವನ್ನೂ ಒಂದೇ ರೀತಿ ಬರೆದುಕೊಳ್ಳಿ.

ಆಕೆಯ ದೂರು ಅಷ್ಟಕ್ಕೇ ನಿಲ್ಲಲಿಲ್ಲ. "ನಾನು ಒಪ್ಪಿಯೇ ಇರಲಿಲ್ಲ" ಅಂದರು. ದಾಖಲೆ ತೆಗೆದರೆ ಅವರ ಹೆಸರಿನ ಮುಂದೆ "ಹೌದು" ಅಂತ ಒಂದೇ ಪದ! ಯಾವತ್ತು ಒಪ್ಪಿದರು? ಯಾವ ಫಾರಂನಲ್ಲಿ? ಅಲ್ಲಿ ಏನಂತ ಬರೆದಿತ್ತು? ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಫಾರಂ ಕೂಡ ಬದಲಾಗಿತ್ತು. ಬರೀ "ಹೌದು" ಅಂತ ಇದ್ದರೆ ಅದು ದಾಖಲೆ ಆಗುತ್ತದೆಯೇ, ಹೇಳಿ?

ಒಪ್ಪಿದ ದಿನ ಮತ್ತು ಸಮಯ, ಅಂಗಡಿಯಲ್ಲೋ ವೆಬ್‌ಸೈಟ್‌ನಲ್ಲೋ, ಎಸ್ಸೆಮ್ಮೆಸ್‌ಗೋ ಇಮೇಲ್‌ಗೋ, ಅವರು ಓದಿದ ವಾಕ್ಯ ಯಾವುದು, ಇಷ್ಟನ್ನೂ ಬರೆದಿಡಿ. ಫಾರಂ ಬದಲಾಯಿಸಿದಾಗ ಹಳೆಯದರ ಪ್ರತಿಯನ್ನು ಎಸೆಯಬೇಡಿ. ನೀವೇ ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಅಂತ ತೋರಿಸಬೇಡಿ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲೇ ವೆಬ್‌ಸೈಟ್ ಕುಕಿಗಳ ಪ್ರಕರಣವೊಂದರಲ್ಲಿ ಅಂಥ ಟಿಕ್ ಒಪ್ಪಿಗೆಯಲ್ಲ ಎಂದು ಹೇಳಿದೆ. ಗ್ರಾಹಕರು ಮುಂದೆ ಬೇಡ ಅಂದರೆ ಹಳೆಯ ಸಾಲು ಅಳಿಸದೆ, ಅದರ ಕೆಳಗೆ ದಿನಾಂಕದ ಜೊತೆ ಹೊಸ ಸಾಲು ಬರೆಯಿರಿ. ಆಗ ಒಪ್ಪಿದ್ದೂ ಬೇಡ ಅಂದಿದ್ದೂ ಎರಡೂ ಕಾಣುತ್ತವೆ.

ಸಮಯ ಮುಗಿಯುತ್ತಾ ಬಂತು, ಇನ್ನೊಂದೇ ವಿಷಯ. ಆರ್ಡರ್ ಹೊರಟಿದೆ ಅಂತ ತಿಳಿಸುವ ಮೆಸೇಜ್‌ನ ಕೊನೆಗೆ ರಿಯಾಯಿತಿಯ ಸಾಲು ಸೇರಿಸಿದರೆ ಅದೂ ಜಾಹೀರಾತೇ. ಕಳಿಸಬಾರದವರ ಪಟ್ಟಿಯಲ್ಲಿರುವ ಗ್ರಾಹಕರಿಗೆ ಆರ್ಡರ್ ಮಾಹಿತಿ ಹೋಗಲಿ, ಆ ಸಾಲು ಬೇಡ. ನಮಸ್ಕಾರ.