ಸಂಬಳ ಏರಿಸುವ ಮೊದಲು ಜಾಬ್ ಕಾರ್ಡ್ ತೆಗೆಯಿರಿ

ನಮಸ್ಕಾರ. ಏಪ್ರಿಲ್ ಹತ್ತಿರ ಬಂತು ಅಂದರೆ ಸಣ್ಣ ಪ್ರೆಸ್ ಮಾಲೀಕರಿಗೆ ಒಂದೇ ತಲೆನೋವು. ಹುಡುಗರಿಗೆ ಸಂಬಳ ಎಷ್ಟು ಏರಿಸೋದು? ಎಚ್‌ಆರ್ ಅಂತ ಯಾರೂ ಇಲ್ಲ. ಇರುವುದು ನೀವು, ನಿಮ್ಮ ನೆನಪು. ಆ ನೆನಪನ್ನು ನಂಬಬೇಡಿ ಅಂತೀನಿ ನಾನು. ಹೋದ ವಾರದ ಎಡವಟ್ಟು ಕಣ್ಣ ಮುಂದೆಯೇ ಇರುತ್ತದೆ. ಜೂನ್‌ನಲ್ಲಿ ರಾತ್ರಿಯೆಲ್ಲ ಕೂತು ಮುಗಿಸಿಕೊಟ್ಟ ಕೆಲಸ ಮರೆತೇ ಹೋಗಿರುತ್ತದೆ.

ಹನ್ನೆರಡು ಜನರ ಆಫ್‌ಸೆಟ್ ಪ್ರೆಸ್ ಒಂದಿದೆ ಅಂದುಕೊಳ್ಳಿ. ಡಿಟಿಪಿ ಮಾಡುವವನಿಗೆ 19,500 ಸಂಬಳ. "ಬರೀ ತಪ್ಪು ಮಾಡ್ತಾನೆ" ಅನ್ನುವುದು ಮಾಲೀಕರ ದೂರು. ಸರಿ, ವರ್ಷದ ಜಾಬ್ ಕಾರ್ಡ್ ತೆಗೆದು ನೋಡಿದರೆ ಮತ್ತೆ ಪ್ರಿಂಟ್ ಹಾಕಿದ್ದು ಐದು ಜಾಬ್. ಅದರಲ್ಲಿ ಮೂರಕ್ಕೆ ಗಿರಾಕಿಯೇ ಪ್ರೂಫ್ ನೋಡಿ ಸಹಿ ಹಾಕಿದ್ದಾರೆ. ವರನ ಇನಿಷಿಯಲ್ ತಪ್ಪಾಗಿ ಬರೆದುಕೊಟ್ಟವರೂ ಅವರೇ. ಇನ್ನೊಂದಕ್ಕೆ ಸಹಿ ಇಲ್ಲ. ಯಾಕೆ? ಮದುವೆ ಸೀಸನ್ನು, "ಪ್ಲೇಟಿಗೆ ಕಳಿಸು ಮಾರಾಯ" ಅಂತ ಮಾಲೀಕರೇ ಅವಸರ ಮಾಡಿದ್ದರು. ಅವನ ಲೆಕ್ಕಕ್ಕೆ ಉಳಿದದ್ದು ಒಂದೇ ಒಂದು!

ಈಗ "ನಿನಗೆ ಜವಾಬ್ದಾರಿಯೇ ಇಲ್ಲ" ಅಂದರೆ ನ್ಯಾಯ ಅಲ್ಲ. "ಸಹಿ ಇಲ್ಲದೆ ಯಾವ ಜಾಬೂ ಪ್ಲೇಟಿಗೆ ಹೋಗಬಾರದು, ನಾನು ಹೇಳಿದರೂ ಸರಿ" ಅನ್ನಿ. ಅದು ಅವನು ನಾಳೆಯಿಂದಲೇ ಮಾಡಬಹುದಾದ ಕೆಲಸ. ಈ ಮಾತು ಒಂದು ದಿನ ಇರಲಿ, ಸಂಬಳದ ಮಾತು ಇನ್ನೊಂದು ದಿನ. ದುಡ್ಡಿನ ಸುದ್ದಿಗೆ ಕಾದು ಕೂತವನ ಕಿವಿಗೆ ಬೇರೇನೂ ಹೋಗಲ್ಲ.

ಇನ್ನು ಲೆಕ್ಕ. ಬೆಲೆ ಏರಿದ್ದಕ್ಕೆ ಅಂತ ಶೇ. 5, ಅಂದರೆ 975. ಈ ವರ್ಷ ಗಿರಾಕಿಗಳಿಗೆ ಕೊಟೇಶನ್ ಕೊಡುವುದನ್ನೂ ಅವನೇ ನೋಡಿಕೊಳ್ಳುತ್ತಿದ್ದಾನೆ, ಅದಕ್ಕೆ 1,000. ಒಟ್ಟು 21,475. ಕೈ ಬಿಚ್ಚಿ ಕೊಟ್ಟ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಇಎಸ್‌ಐ ಮಿತಿ 21,000. ಅದನ್ನು ದಾಟಿದರೆ ಅವನ ಮನೆಯವರ ಆಸ್ಪತ್ರೆ ಸೌಲಭ್ಯವೇ ಮುಂದೆ ನಿಂತುಹೋಗುತ್ತದೆ. ಒಂದು ಸಲ ಆಸ್ಪತ್ರೆ ಸೇರಿದರೆ ಈ 475 ಯಾವ ಮೂಲೆಗೆ?

ಹಾಗಂತ 21,000ಕ್ಕೇ ವರ್ಷಗಟ್ಟಲೆ ಕಟ್ಟಿಹಾಕುವುದೂ ಸರಿಯಲ್ಲ. ದಾಟಿಸುವುದಾದರೆ, ಅವನ ಹೆಸರಲ್ಲಿ ನೀವು ಕಟ್ಟುತ್ತಿದ್ದ ಶೇ. 3.25 ಉಳಿಯುತ್ತದೆ. 21,000ಕ್ಕೆ ಅದು ತಿಂಗಳಿಗೆ 682 ರೂಪಾಯಿ ಚಿಲ್ಲರೆ. ಅದನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಅವನ ಕುಟುಂಬದ ಆರೋಗ್ಯ ವಿಮೆಗೆ ಸೇರಿಸಿ. ಇನ್ನೊಂದು ವಿಷಯ, ಏರಿಕೆ ಏಪ್ರಿಲ್ ಬದಲು ಮೇ ತಿಂಗಳಿಂದ ಕೊಡಿ. ಇಎಸ್‌ಐ ಕಂತಿನ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್. ಅವಧಿಯ ನಡುವೆ ಮಿತಿ ದಾಟಿದರೆ ಸೆಪ್ಟೆಂಬರ್‌ವರೆಗೆ ಕಂತು ಕಟ್ಟುತ್ತಲೇ ಇರಬೇಕು. ಹೊಸ ಪಾಲಿಸಿ ನೋಡಿ ಮಾಡಿಸಲು ಅವನಿಗೆ ಅಷ್ಟು ಸಮಯ ಸಿಗುತ್ತದೆ. ಏಪ್ರಿಲ್ ಸಂಬಳದಲ್ಲಿ ತಪ್ಪಿದ ಆ ಒಂದು ತಿಂಗಳ ಏರಿಕೆಯನ್ನು ದೀಪಾವಳಿ ಬೋನಸ್ ಜೊತೆ ಸೇರಿಸಿ ಕೊಟ್ಟುಬಿಡಿ.