ಸ್ಪಾನರ್ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ?

ನಮಸ್ಕಾರ. ಇವತ್ತು ಒಂದು ಸ್ಪಾನರ್ ವಿಷಯ ಮಾತಾಡೋಣ.

ಕೆಲವು ವರ್ಷಗಳ ಹಿಂದೆ ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದ ಜಾಗದಲ್ಲಿ, ಒಂಬತ್ತು ಮೀಟರ್ ಎತ್ತರದ ಸ್ಕ್ಯಾಫೋಲ್ಡಿಂಗ್ ಮೇಲಿಂದ ಒಂದು ರಿಂಗ್ ಸ್ಪಾನರ್ ಕೆಳಗೆ ಬಿತ್ತು. ತೂಕ ಸುಮಾರು 800 ಗ್ರಾಂ. ಠಣ್ ಅಂತ ಸದ್ದಾಯ್ತು, ಎಲ್ಲರೂ ತಿರುಗಿ ನೋಡಿದರು, ಯಾರಿಗೂ ತಾಗಿರಲಿಲ್ಲ. ಸದ್ಯ ಬಚಾವ್ ಅಂದುಕೊಂಡು ಕೆಲಸಕ್ಕೆ ಮರಳಿದರು. ಸಂಜೆ ನನ್ನ ಟೇಬಲ್ ಮೇಲೆ ನಿಯರ್ ಮಿಸ್ ಫಾರಂ ಬಂತು, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತದ ಬಗ್ಗೆ ಬರೆದುಕೊಡುವ ಫಾರಂ. ಅದರಲ್ಲಿ ಇದ್ದದ್ದು ಇಷ್ಟೇ: "ಸ್ಪಾನರ್ ಕೈಜಾರಿ ಬಿತ್ತು. ಯಾರಿಗೂ ಪೆಟ್ಟಾಗಿಲ್ಲ. ಕೆಲಸಗಾರನಿಗೆ ಎಚ್ಚರಿಕೆಯಿಂದ ಇರಲು ತಿಳಿಸಲಾಗಿದೆ."

ನಾನು ಸಹಿ ಹಾಕಿದೆ. ಹಾಕಬಾರದಿತ್ತು.

ರಾತ್ರಿ ಮನೆಯಲ್ಲಿ ಕೂತು ಸುಮ್ನೆ ಲೆಕ್ಕ ಹಾಕಿ ನೋಡಿದೆ. ಒಂಬತ್ತು ಮೀಟರ್‌ನಿಂದ ಅಡ್ಡ ಏನೂ ಸಿಗದೆ ಬಿದ್ದ ವಸ್ತು ನೆಲ ಮುಟ್ಟೋಕೆ ಒಂದೂವರೆ ಸೆಕೆಂಡ್ ಕೂಡ ಬೇಕಿಲ್ಲ. ನೆಲಕ್ಕೆ ಬರುವಾಗ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 48 ಕಿ.ಮೀ. ಮೇಲಿಂದ "ಹುಷಾರ್" ಅಂತ ಕೂಗಿದರೆ, ಕೆಳಗಿದ್ದವನು ತಲೆ ಎತ್ತುವಷ್ಟರಲ್ಲಿ ಬಂದುಬಿಟ್ಟಿರುತ್ತದೆ. ತಲೆ ಎತ್ತಿದರೆ ಮುಖಕ್ಕೇ. ಹೆಲ್ಮೆಟ್ ಇದ್ದರೂ ಭುಜ, ಕುತ್ತಿಗೆ ಉಳಿಯುತ್ತವೆ ಅನ್ನೋ ಗ್ಯಾರಂಟಿ ಇಲ್ಲ. ಅಂದರೆ ಆ ಫಾರಂನಲ್ಲಿ ಇರಬೇಕಾದ ಮೊದಲ ಮಾತು "ಪೆಟ್ಟಾಗಿಲ್ಲ" ಅನ್ನೋದಲ್ಲ. ಎಷ್ಟು ತೂಕದ್ದು, ಎಷ್ಟು ಎತ್ತರದಿಂದ, ಎಲ್ಲಿ ಬಿತ್ತು, ಆಗ ಯಾರು ಎಷ್ಟು ದೂರದಲ್ಲಿದ್ದರು. ಏನಾಯ್ತು ಅನ್ನೋದಕ್ಕಿಂತ ಏನಾಗಬಹುದಿತ್ತು ಅನ್ನೋದು ಈ ನಾಲ್ಕರಿಂದ ಗೊತ್ತಾಗುತ್ತದೆ.

ಮಾರನೇ ದಿನ ಬೆಳಗ್ಗೆ ಅದೇ ಹುಡುಗನನ್ನು ಕರೆದುಕೊಂಡು ಜಾಗಕ್ಕೆ ಹೋದೆ. "ನಿನ್ನ ತಪ್ಪು ಹುಡುಕೋಕೆ ಬಂದಿಲ್ಲಪ್ಪ, ಹೇಗಾಯ್ತು ಅಂತ ತೋರಿಸು ಸಾಕು" ಅಂದೆ. ಅವನು ಮೇಲೆ ಹತ್ತಿ ತೋರಿಸಿದ. ಆಗ ತಿಳಿದದ್ದು, ಸ್ಪಾನರ್ ಕೈಜಾರಿ ಬಿದ್ದೇ ಇರಲಿಲ್ಲ. ಅವನು ಅದನ್ನು ಹಲಗೆ ಮೇಲೆ ಇಟ್ಟಿದ್ದ, ಜಾಗ ಬದಲಿಸುವಾಗ ಕಾಲಿಗೆ ತಾಗಿ ಅಂಚಿನಿಂದ ಜಾರಿತ್ತು. ಅಂಚಿನಲ್ಲಿ ಟೋ ಬೋರ್ಡ್ ಇದ್ದಿದ್ದರೆ, ಅಂದರೆ ಹಲಗೆಯ ಅಂಚಿಗೆ ನಿಲ್ಲಿಸುವ ಪಟ್ಟಿ, ಅದು ಅಲ್ಲೇ ನಿಲ್ಲುತ್ತಿತ್ತು. ಆ ಬದಿಯ ಬೋರ್ಡನ್ನು ಮೂರು ದಿನ ಮೊದಲು ಒಂದು ಪೈಪ್ ಹೊರಗೆ ತೆಗೆಯಲು ಬಿಚ್ಚಿದ್ದರು. ವಾಪಸ್ ಹಾಕಿರಲಿಲ್ಲ. "ಸ್ಪಾನರ್‌ಗೆ ಲ್ಯಾನ್ಯಾರ್ಡ್ ಯಾಕೆ ಕಟ್ಟಲಿಲ್ಲ?" ಅಂತ ಕೇಳಿದೆ. ಲ್ಯಾನ್ಯಾರ್ಡ್ ಅಂದರೆ ಕೈಜಾರಿದರೂ ಕೆಳಗೆ ಬೀಳದಂತೆ ಸ್ಪಾನರ್‌ಗೆ ಕಟ್ಟುವ ಹಗ್ಗ. "ಸ್ಟೋರ್‌ನಲ್ಲಿ ಎರಡೇ ಇದ್ದವು ಸರ್, ಎರಡೂ ಬೇರೆ ಕಡೆ ಹೋಗಿದ್ದವು" ಅಂದ.

ಕೆಳಗಿನ ಕಥೆ ಇನ್ನೂ ಕೆಟ್ಟದು. ನಾವು ಸ್ಕ್ಯಾಫೋಲ್ಡಿಂಗ್ ಸುತ್ತ ಎರಡು ಮೀಟರ್ ಬಿಟ್ಟು ಬ್ಯಾರಿಕೇಡ್ ಟೇಪ್ ಕಟ್ಟಿದ್ದೆವು, ಅದರಾಚೆ ಜನ ಓಡಾಡಬಹುದು ಅಂತ. ಸ್ಪಾನರ್ ಮಧ್ಯದಲ್ಲಿ ಒಂದು ಅಡ್ಡ ಪೈಪಿಗೆ ಹೊಡೆದು ಸಿಡಿದು, ಮೂರೂವರೆ ಮೀಟರ್ ದೂರ ಹೋಗಿ ಬಿದ್ದಿತ್ತು. ಟೇಪಿನ ಹೊರಗೆ! ಅಲ್ಲಿಂದ ಒಬ್ಬ ಹೆಲ್ಪರ್ ಒಂದು ನಿಮಿಷ ಕೂಡ ಆಗಿರಲಿಲ್ಲ, ಹಾದು ಹೋಗಿದ್ದ. ಕೂದಲೆಳೆಯಲ್ಲಿ ತಪ್ಪಿದ್ದು ಅಂದರೆ ಇದೇ ಅಲ್ವಾ? ಆದರೆ ಈ ಮೂರೂವರೆ ಮೀಟರ್ ನಮಗೆ ಗೊತ್ತಾಗಿದ್ದು ಅದೃಷ್ಟದಿಂದ. ಬಿದ್ದ ತಕ್ಷಣ ಯಾರೋ ಸ್ಪಾನರ್ ಎತ್ತಿ ಮೇಲೆ ಕೊಟ್ಟುಬಿಟ್ಟಿದ್ದರು. ನೆಲದ ಸಿಮೆಂಟ್ ಚಕ್ಕೆ ಎದ್ದಿದ್ದರಿಂದ ಮಾತ್ರ ಜಾಗ ಸಿಕ್ಕಿತು. ಅದಕ್ಕೇ ಹೇಳ್ತೀನಿ, ಮೇಲಿನ ಕೆಲಸ ನಿಲ್ಲಿಸಿ, ಬಿದ್ದದ್ದನ್ನು ಎತ್ತುವ ಮೊದಲು ಒಂದು ಫೋಟೋ ತೆಗೆಯಿರಿ, ಟೇಪ್ ಹಿಡಿದು ಅಳೆಯಿರಿ, ಅದೇ ಶಿಫ್ಟ್ ಮುಗಿಯುವ ಮೊದಲು ಬರೆಯಿರಿ. ಮಾರನೇ ದಿನಕ್ಕೆ ಎಲ್ಲರ ನೆನಪಲ್ಲೂ "ಕೈಜಾರಿತು" ಅನ್ನೋದಷ್ಟೇ ಉಳಿದಿರುತ್ತದೆ.

ನನ್ನ ಪ್ರಕಾರ ಇಡೀ ಫಾರಂನಲ್ಲಿ ಒಂದೇ ಪ್ರಶ್ನೆ ಇಡಬಹುದು ಅಂದರೆ ಅದು ಇದು: ಪೆಟ್ಟಾಗದಂತೆ ತಡೆದದ್ದು ಏನು? ಟೋ ಬೋರ್ಡ್ ತಡೆಯಿತಾ? ಲ್ಯಾನ್ಯಾರ್ಡ್ ತಡೆಯಿತಾ? ಟೇಪ್ ಕಟ್ಟಿದ್ದಕ್ಕೆ ಅಲ್ಲಿ ಜನ ಇರಲಿಲ್ಲವಾ? ಹಾಗಿದ್ದರೆ ನಾವು ಇಟ್ಟ ತಡೆ ಕೆಲಸ ಮಾಡಿದೆ, ಅದನ್ನೂ ಬರೆಯಿರಿ. ಉತ್ತರ "ಏನೂ ಇಲ್ಲ, ಆ ಹೊತ್ತಿಗೆ ಯಾರೂ ಅಲ್ಲಿ ಇರಲಿಲ್ಲ" ಅಂತಾದರೆ ಹಾಗೇ ಬರೆಯಿರಿ, ಮುಚ್ಚಿಡಬೇಡಿ. ನಮ್ಮ ಕೇಸಿನಲ್ಲಿ ಮೂರು ತಡೆ ಇರಬೇಕಿತ್ತು. ಒಂದು ಬಿಚ್ಚಿತ್ತು, ಒಂದು ಸ್ಟೋರ್‌ನಲ್ಲೇ ಇರಲಿಲ್ಲ, ಇನ್ನೊಂದು ಕಟ್ಟಿದ ಜಾಗವೇ ತಪ್ಪಾಗಿತ್ತು. "ಎಚ್ಚರಿಕೆಯಿಂದ ಇರಲು ತಿಳಿಸಲಾಗಿದೆ" ಅನ್ನೋ ಸಾಲಿನಲ್ಲಿ ಈ ಮೂರೂ ಮಾಯ.

ಬರೆದರೆ ಸಾಕಾ? ಇಲ್ಲ. ಅದು ಯಾರಿಗೆ ತಲುಪಿತು ಅನ್ನೋದೂ ಬೇಕು. ವಿಮಾನ ಕ್ಷೇತ್ರ ಇದನ್ನು ತುಂಬ ದುಬಾರಿ ಬೆಲೆ ಕೊಟ್ಟು ಕಲಿತಿದೆ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ 514 ವಿಮಾನ ವಾಷಿಂಗ್ಟನ್‌ನ ಡಲ್ಲೆಸ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಲ್ಯಾಂಡಿಂಗ್‌ಗೆ ಬರಲು ಅನುಮತಿ ಸಿಕ್ಕಿತು, ಅಂದರೆ 1,800 ಅಡಿಗೆ ಇಳಿಯಬಹುದು ಅಂತ ಪೈಲಟ್‌ಗಳು ತಿಳಿದುಕೊಂಡರು. ಮುಂದೆ ಗುಡ್ಡ ಇತ್ತು. ವಿಮಾನದಲ್ಲಿದ್ದ 92 ಜನರೂ ಸತ್ತರು. ಅದಕ್ಕೆ ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ, ಅನುಮತಿಯನ್ನು ಅದೇ ರೀತಿ ಅರ್ಥ ಮಾಡಿಕೊಂಡು, ಅದೇ ಗುಡ್ಡದಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಆ ಪೈಲಟ್‌ಗಳು ರಿಪೋರ್ಟ್ ಮಾಡಿದ್ದರು, ಯುನೈಟೆಡ್ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆಯನ್ನೂ ಕೊಟ್ಟಿತ್ತು. ಬೇರೆ ಕಂಪನಿಗಳಿಗೆ ಅದು ತಲುಪುವ ದಾರಿಯೇ ಇರಲಿಲ್ಲ.

ಇದಾದ ಮೇಲೆ 1976ರಲ್ಲಿ ಅಮೆರಿಕದಲ್ಲಿ ಒಂದು ವ್ಯವಸ್ಥೆ ಬಂತು. ರಿಪೋರ್ಟ್‌ಗಳನ್ನು ತೆಗೆದುಕೊಳ್ಳುವುದು ದಂಡ ಹಾಕುವ ಇಲಾಖೆ ಅಲ್ಲ, ನಾಸಾ. ಹೆಸರು, ಗುರುತು ತೆಗೆದು ಹಾಕುತ್ತಾರೆ. ಬೇಕಂತಲೇ ಮಾಡಿದ ತಪ್ಪಲ್ಲ, ಅಪಘಾತವೂ ಆಗಿಲ್ಲ ಅಂತಾದರೆ, ಹತ್ತು ದಿನದೊಳಗೆ ಬರೆದು ಕಳಿಸಿದವರಿಗೆ ಸಾಮಾನ್ಯವಾಗಿ ದಂಡದಿಂದ ರಕ್ಷಣೆ ಇರುತ್ತದೆ. ನೋಡಿ, ಅಪಘಾತ ಆದರೆ ರಕ್ಷಣೆ ಇಲ್ಲ, ಏನೂ ಆಗದಿದ್ದರೆ ಇದೆ. ನಮಗೆ ಬೇಕಿರುವುದು ಆ ಎರಡನೇ ಥರದ ಕಥೆಗಳೇ, ಅವನ್ನು ಬರೆಯೋಕೆ ಜನ ಹೆದರಬಾರದು ಅಂತ.

ನಾವು ಮಾಡೋದೇನು? ಫಾರಂನ ಮೊದಲ ಖಾನೆಯಲ್ಲೇ "ತಪ್ಪು ಮಾಡಿದವರ ಹೆಸರು" ಅಂತ ಕೇಳ್ತೀವಿ. ಆಮೇಲೆ ರಿಪೋರ್ಟ್ ಬರ್ತಿಲ್ಲ ಅಂತ ಗೊಣಗಿ, ತಿಂಗಳಿಗೆ ತಲಾ ಎರಡು ಬರೆಯಲೇಬೇಕು ಅಂತ ಟಾರ್ಗೆಟ್ ಇಡ್ತೀವಿ. ಆಗ ತಿಂಗಳ ಕೊನೇ ದಿನ "ನೆಲ ಒದ್ದೆ ಇತ್ತು", "ಬಲ್ಬ್ ಉರಿಯುತ್ತಿರಲಿಲ್ಲ" ಅಂತ ರಾಶಿ ರಾಶಿ ಬರುತ್ತವೆ. ಅವೂ ಸರಿಪಡಿಸಬೇಕಾದವೇ, ಇಲ್ಲ ಅನ್ನಲ್ಲ. ಆದರೆ ಒಂಬತ್ತು ಮೀಟರ್‌ನಿಂದ ಬಿದ್ದ ಸ್ಪಾನರ್ ಆ ರಾಶಿಯ ಅಡಿಯಲ್ಲಿ ಹೂತುಹೋಗುತ್ತದೆ. ಸಂಖ್ಯೆ ನೋಡಬೇಡಿ ಸಾರ್. ಏನಾಗಬಹುದಿತ್ತು ಅಂತ ನೋಡಿ, ದೊಡ್ಡದನ್ನು ಮೊದಲು ಎತ್ತಿಕೊಳ್ಳಿ.

ನಾನು ಆ ಫಾರಂ ವಾಪಸ್ ತೆಗೆದು ಹುಡುಗನ ಜೊತೆ ಕೂತು ಮತ್ತೆ ಬರೆದೆ. ತೂಕ, ಎತ್ತರ, ಮೂರೂವರೆ ಮೀಟರ್, ಬಿಚ್ಚಿದ ಬೋರ್ಡ್, ಎರಡೇ ಲ್ಯಾನ್ಯಾರ್ಡ್, ಹಾದು ಹೋದ ಹೆಲ್ಪರ್. ಬೋರ್ಡ್ ಅವತ್ತೇ ವಾಪಸ್ ಬಂತು, ಟೇಪನ್ನು ದೂರಕ್ಕೆ ಸರಿಸಿದೆವು. ಲ್ಯಾನ್ಯಾರ್ಡ್ ಬರೋಕೆ ಎರಡು ವಾರ ಹಿಡಿಯಿತು, ಅಲ್ಲಿವರೆಗೆ ಮೇಲಿನ ಕೆಲಸ ನಡೆಯುವಾಗ ಕೆಳಗಿನ ದಾರಿ ಪೂರ್ತಿ ಮುಚ್ಚಿದೆವು. ಇದನ್ನೆಲ್ಲ ಅವನಿಗೂ ಹೋಗಿ ಹೇಳಿದೆ. ಮುಂದಿನ ತಿಂಗಳು ಅವನೇ ಇನ್ನೊಂದು ಫಾರಂ ತಂದುಕೊಟ್ಟ, ಒಂದು ಬೋಲ್ಟ್ ಬಗ್ಗೆ. ಕೊನೇ ಸಾಲಿನಲ್ಲಿ ಬರೆದಿದ್ದ: "ಟೋ ಬೋರ್ಡ್‌ಗೆ ತಾಗಿ ನಿಂತಿತು."